ಮಗನನ್ನು 'ಚೋಟು' ಎಂದು ರೇಗಿಸುತ್ತಾರೆ: ಕ್ಲಾಸ್ ಟೀಚರ್‌ಗೆ ಏನೆಂದು ಬರೆಯಲಿ?

ಪ್ರಶ್ನೆ: ನನ್ನ ಮಗನಿಗೆ ಈಗಷ್ಟೇ ಹತ್ತು ತುಂಬಿದೆ, ಐದನೇ ತರಗತಿ. ಎತ್ತರ 128 ಸೆಂ.ಮೀ. ತರಗತಿಯಲ್ಲಿ ಅವನೇ ಎಲ್ಲರಿಗಿಂತ ಕುಳ್ಳ. ನಾನು 150, ಅವರಪ್ಪ 162. ಮೊದಲೆಲ್ಲ 'ಚೋಟು', 'ಅರ್ಧ ಟಿಕೆಟ್' ಅಂತ ಕರೀತಿದ್ದರು. ಈಗ ಇಬ್ಬರು ಹುಡುಗರು ಅವನನ್ನು ಎತ್ತಿ ಡೆಸ್ಕ್ ಮೇಲೆ ಕೂರಿಸಿ ನಗ್ತಾರಂತೆ. ಬೆಳಿಗ್ಗೆ ಎದ್ದರೆ ಹೊಟ್ಟೆನೋವು, ಶಾಲೆಗೆ ಹೋಗಲ್ಲ ಅಂತಾನೆ. ಕ್ಲಾಸ್ ಟೀಚರ್‌ಗೆ ಮೂರು ಪುಟದ ಪತ್ರ ಬರೆದಿಟ್ಟಿದ್ದೇನೆ. 'ಕೊಡಬೇಡಮ್ಮ, ಇನ್ನೂ ಜಾಸ್ತಿ ಮಾಡ್ತಾರೆ' ಅಂತ ಅವನು ಅಳ್ತಾನೆ. ಮನೆಯವರು 'ಹುಡುಗಾಟ, ಬಿಟ್ಟುಬಿಡು' ಅಂತಾರೆ. ಕೊಡಲೋ ಬೇಡವೋ? 'ಇವನು ಮುಂದೆ ಉದ್ದ ಆಗ್ತಾನೆ ಅಂತ ಮಕ್ಕಳಿಗೆ ತಿಳಿಹೇಳಿ' ಅಂತಲೂ ಬರೆದಿದ್ದೇನೆ. ಅದು ಸರಿಯೇ?

ಉತ್ತರ: ಪತ್ರ ಕೊಡಿ. ಆದರೆ ಮೂರು ಪುಟದ್ದು ಬೇಡ. ಒಂದೇ ಪುಟದ್ದು ಬರೆಯಿರಿ, ಅದನ್ನು ಮೊದಲು ನಿಮ್ಮ ಮಗ ಓದಲಿ. 'ಉದ್ದ ಆಗ್ತಾನೆ' ಎಂಬ ಸಾಲನ್ನು ತೆಗೆದುಬಿಡಿ. ಯಾಕೆಂದು ಮುಂದೆ ಹೇಳುತ್ತೇನೆ.

ಮೊದಲು 'ಹುಡುಗಾಟ' ಎಂಬ ಮಾತನ್ನು ನೋಡೋಣ. ಮಕ್ಕಳು ಒಬ್ಬರನ್ನೊಬ್ಬರು ಅಡ್ಡಹೆಸರಿನಿಂದ ಕರೆಯುವುದೆಲ್ಲ ಹಿಂಸೆಯಲ್ಲ, ನಿಜ. ಇವತ್ತು ಇವನು ಅವನಿಗೆ ಅಂದ, ನಾಳೆ ಅವನು ಇವನಿಗೆ ಅಂದ, ಇಬ್ಬರೂ ನಕ್ಕರು ಎಂದರೆ ಅದು ಆಟವೇ. ನಾರ್ವೆಯ ಮನೋವಿಜ್ಞಾನಿ ಡ್ಯಾನ್ ಓಲ್ವೇಯಸ್ ಶಾಲೆಗಳಲ್ಲಿ ನಡೆಯುವ ಪೀಡನೆಯನ್ನು ಗುರುತಿಸಲು ಕೊಟ್ಟ ಮೂರು ಗುರುತುಗಳನ್ನು ಇಂದಿಗೂ ಎಲ್ಲೆಡೆ ಬಳಸುತ್ತಾರೆ: ಬೇಕೆಂದೇ ಮಾಡುವುದು, ಮತ್ತೆ ಮತ್ತೆ ಮಾಡುವುದು, ಎದುರಿನವನು ತಿರುಗಿ ನಿಲ್ಲಲಾಗದಷ್ಟು ಬಲದ ವ್ಯತ್ಯಾಸ ಇರುವುದು. ಅವನನ್ನು ಎತ್ತಿ ಡೆಸ್ಕ್ ಮೇಲೆ ಕೂರಿಸುವುದರಲ್ಲಿ ಈ ಮೂರೂ ಇವೆ. ಅವನು ಅವರನ್ನು ತಿರುಗಿ ಎತ್ತಲಾರ. ಅಡ್ಡಹೆಸರಿಟ್ಟು ರೇಗಿಸುವುದಕ್ಕೂ, ಒಪ್ಪಿಗೆಯಿಲ್ಲದೆ ಮೈಗೆ ಕೈಹಾಕಿ ಎತ್ತುವುದಕ್ಕೂ ದೊಡ್ಡ ಅಂತರವಿದೆ. ಕೈಜಾರಿದರೆ ಪೆಟ್ಟಾಗುತ್ತದೆ ಎಂಬುದು ಬೇರೆ. ಹಾಗಾಗಿ ಪತ್ರದಲ್ಲಿ ಈ ಎರಡನ್ನೂ ಒಂದೇ ಮೂಟೆಗೆ ಕಟ್ಟಬೇಡಿ. 'ರೇಗಿಸುತ್ತಾರೆ' ಎಂಬ ಒಂದೇ ಪದದಲ್ಲಿ ಎತ್ತಿದ ಸಂಗತಿ ಮುಚ್ಚಿಹೋದರೆ ಟೀಚರ್ ಕೂಡ 'ಹುಡುಗಾಟ' ಎಂದೇ ಓದಿಕೊಳ್ಳುತ್ತಾರೆ.

ನಿಮ್ಮ ಮಗನ ಭಯಕ್ಕೂ ಆಧಾರವಿದೆ, ಅದನ್ನು ಪುಕ್ಕಲುತನ ಅನ್ನಬೇಡಿ. ದೂರು ಹೋದ ಮೇಲೆ ಕಾಟ ಹೆಚ್ಚಾಗುವುದು ಸಾಮಾನ್ಯವಾಗಿ ಒಂದೇ ದಾರಿಯಲ್ಲಿ: ಟೀಚರ್ ತರಗತಿಗೆ ಬಂದು 'ಇವನನ್ನು ಚೋಟು ಅಂದವರು ಯಾರು, ಎದ್ದು ನಿಲ್ಲಿ' ಎನ್ನುತ್ತಾರೆ. ಅಲ್ಲಿಯವರೆಗೆ ಹೆಸರು ಗೊತ್ತಿಲ್ಲದ ಮೂವತ್ತು ಮಕ್ಕಳಿಗೂ ಆ ಹೆಸರು ಗೊತ್ತಾಗುತ್ತದೆ, 'ಚಾಡಿಕೋರ' ಎಂಬ ಎರಡನೇ ಹೆಸರೂ ಸೇರುತ್ತದೆ. ಆ ಇಬ್ಬರು ಹುಡುಗರು ಟೀಚರ್ ಕಣ್ಣಿಗೆ ಬೀಳದ ಜಾಗಕ್ಕೆ, ಶೌಚಾಲಯದ ಬಾಗಿಲಿಗೋ ಮೆಟ್ಟಿಲಿನ ತಿರುವಿಗೋ, ಆಟವನ್ನು ಸಾಗಿಸುತ್ತಾರೆ. ಮಗ ಹೆದರುವುದು ಇದಕ್ಕೆ. ಅವನು ಬೇಡ ಅಂದದ್ದು ಪತ್ರವನ್ನಲ್ಲ, ಪತ್ರ ತರಗತಿಯಲ್ಲಿ ಬಯಲಾಗುವುದನ್ನು. ಹಾಗೆ ಆಗದಂತೆ ಬರೆಯಬಹುದು.

ಬರೆಯುವ ಮುಂಚೆ ಐದು ಶಾಲಾ ದಿನ ಟಿಪ್ಪಣಿ ಇಡಿ. ಅವನು ಮನೆಗೆ ಬಂದ ತಕ್ಷಣ 'ಇವತ್ತು ಯಾರು ಏನಂದರು?' ಎಂದು ಕೇಳಬೇಡಿ. ಪ್ರತಿ ಸಂಜೆ ವಿಚಾರಣೆ ಆದರೆ ಮಕ್ಕಳು 'ಏನಿಲ್ಲ' ಎಂದು ಬಾಯಿ ಮುಚ್ಚುತ್ತಾರೆ, ಇಲ್ಲವೇ ಅಮ್ಮನಿಗೆ ಬೇಕಾದದ್ದನ್ನು ಸೇರಿಸಿ ಹೇಳುತ್ತಾರೆ. ಒಂದು ಹಾಳೆಯ ಮೇಲೆ ಶಾಲೆಯ ನಕ್ಷೆ ಬರೆಯಲು ಹೇಳಿ: ಗೇಟು, ತರಗತಿ, ಅವನ ಬೆಂಚು, ಕಾರಿಡಾರು, ನೀರಿನ ನಲ್ಲಿ, ಶೌಚಾಲಯ, ಮೈದಾನ. ಯಾವ ಜಾಗದಲ್ಲಿ ಹಾಯಾಗಿರುತ್ತದೆಯೋ ಅಲ್ಲಿ ಹಸಿರು ಚುಕ್ಕೆ, ಎಲ್ಲಿ ಬೇಡ ಅನ್ನಿಸುತ್ತದೆಯೋ ಅಲ್ಲಿ ಕೆಂಪು ಚುಕ್ಕೆ ಇಡಲಿ. 'ಯಾರು' ಎಂದು ಕೇಳಿದರೆ ತಡವರಿಸುವ ಮಗು 'ಎಲ್ಲಿ' ಎಂದರೆ ಸಲೀಸಾಗಿ ತೋರಿಸುತ್ತದೆ. ಕೆಂಪು ಚುಕ್ಕೆಯ ಬಳಿ ಯಾವ ಹೊತ್ತಿಗೆ, ಯಾರಿದ್ದರು, ಯಾವ ಮಾತು ಬಂತು, ನೀನೇನು ಮಾಡಿದೆ, ಹತ್ತಿರ ಯಾರಾದರೂ ದೊಡ್ಡವರಿದ್ದರೇ ಎಂದು ನಿಧಾನವಾಗಿ ಕೇಳಿ. ಹತ್ತು ನಿಮಿಷ ಸಾಕು. ಅವನು ಹೇಳಿದ ಮಾತನ್ನು ಅವನ ಬಾಯಿಯ ಮಾತಿನಲ್ಲೇ ಬರೆದುಕೊಳ್ಳಿ. ಅವನು 'ಎತ್ತಿದರು' ಎಂದರೆ ನೀವು 'ಹಲ್ಲೆ ಮಾಡಿದರು' ಎಂದು ತಿದ್ದಬೇಡಿ.

ಈಗ ಎತ್ತರದ ವಿಷಯ. ತಾಯಂದಿರು ಬರೆಯುವ ಇಂಥ ಪತ್ರಗಳಲ್ಲಿ ಅರ್ಧ ಭಾಗ ಎತ್ತರದ ಸಮರ್ಥನೆಗೇ ಹೋಗುತ್ತದೆ. 'ಡಾಕ್ಟರು ಏನೂ ತೊಂದರೆಯಿಲ್ಲ ಅಂದಿದ್ದಾರೆ', 'ಅವರ ಮಾವನೂ ಹೈಸ್ಕೂಲಿನಲ್ಲಿ ದಿಢೀರನೆ ಬೆಳೆದರು' ಎಂದೆಲ್ಲ ಬರೆಯುತ್ತಾರೆ. ಇದರಲ್ಲಿ ಎರಡು ತೊಡಕುಗಳಿವೆ. ಒಂದು, ಆ ಮಾತು ನಿಜವಾಗದೆಯೂ ಇರಬಹುದು. ಗಂಡುಮಗುವಿನ ವಯಸ್ಕ ಎತ್ತರವನ್ನು ಅಂದಾಜು ಮಾಡಲು ಮಕ್ಕಳ ವೈದ್ಯರು ಅಪ್ಪ ಅಮ್ಮ ಇಬ್ಬರ ಎತ್ತರ ಕೂಡಿ, 13 ಸೇರಿಸಿ, ಎರಡರಿಂದ ಭಾಗಿಸುತ್ತಾರೆ. ನಿಮ್ಮ ಮನೆಯಲ್ಲಿ 162ಕ್ಕೆ 150 ಮತ್ತು 13 ಸೇರಿದರೆ 325, ಅದರ ಅರ್ಧ 162.5. ಅದಕ್ಕಿಂತ ಸುಮಾರು 8 ಸೆಂ.ಮೀ. ಹೆಚ್ಚೂ ಆಗಬಹುದು, ಕಡಿಮೆಯೂ ಆಗಬಹುದು. ಅಂದರೆ ಅವನು ಅಪ್ಪನಷ್ಟೇ ಆದಾನು. 'ಉದ್ದ ಆಗ್ತಾನೆ' ಎಂದು ಟೀಚರ್ ತರಗತಿಗೆ ಭಾಷೆ ಕೊಟ್ಟುಬಿಟ್ಟರೆ ಮಕ್ಕಳು ಪ್ರತಿ ವರ್ಷ ಲೆಕ್ಕ ಕೇಳುತ್ತಾರೆ. ಎರಡನೆಯದು ಇನ್ನೂ ಮುಖ್ಯ: ಮುಂದೆ ಉದ್ದ ಆಗುವವನನ್ನು ರೇಗಿಸಬಾರದು ಎಂದರೆ, ಉದ್ದ ಆಗದವನನ್ನು ರೇಗಿಸಬಹುದು ಎಂದು ಒಪ್ಪಿದ ಹಾಗೆ. ಇದನ್ನು ಮಕ್ಕಳೂ ಕೇಳಿಸಿಕೊಳ್ಳುತ್ತಾರೆ, ನಿಮ್ಮ ಮಗನೂ ಕೇಳಿಸಿಕೊಳ್ಳುತ್ತಾನೆ.

ಅವನ ಬೆಳವಣಿಗೆ ಸರಿಯಿದೆಯೇ ಎಂಬುದು ನಿಮ್ಮ ಮತ್ತು ಮಕ್ಕಳ ವೈದ್ಯರ ನಡುವಿನ ವಿಷಯ, ಟೀಚರ್‌ಗೆ ಬರೆಯುವ ವಿಷಯವಲ್ಲ. ನಿಮ್ಮ ಸಮಾಧಾನಕ್ಕೆ ಇಷ್ಟು ಹೇಳಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಹತ್ತು ತುಂಬಿದ ಹುಡುಗರ ನಡುಮಟ್ಟ ಸುಮಾರು 138 ಸೆಂ.ಮೀ.; ನೂರು ಹುಡುಗರಲ್ಲಿ ತೀರಾ ಕುಳ್ಳಗಿರುವ ಮೂವರನ್ನು ಬೇರ್ಪಡಿಸುವ ಗೆರೆ ಸುಮಾರು 126ರಲ್ಲಿದೆ. ನಿಮ್ಮ ಮಗ ಆ ಗೆರೆಗಿಂತ ಮೇಲಿದ್ದಾನೆ, ಹೆತ್ತವರ ಎತ್ತರಕ್ಕೂ ಹೊಂದುತ್ತಾನೆ. ಒಂದು ದಿನದ ಅಳತೆಗಿಂತ ವರ್ಷಕ್ಕೆ ಎಷ್ಟು ಬೆಳೆದ ಎಂಬುದೇ ಹೆಚ್ಚು ಹೇಳುತ್ತದೆ. ಈ ವಯಸ್ಸಿನಲ್ಲಿ ವರ್ಷಕ್ಕೆ ಐದು ಸೆಂ.ಮೀ. ಆಸುಪಾಸು ಬೆಳೆಯಬೇಕು, ನಾಲ್ಕಕ್ಕಿಂತ ಕಡಿಮೆಯಾದರೆ ವೈದ್ಯರಿಗೆ ತೋರಿಸಿ. ಅಳೆಯುವಾಗ ಚಪ್ಪಲಿಯಿಲ್ಲದೆ, ಹಿಮ್ಮಡಿ, ಕುಂಡೆ, ಬೆನ್ನು ಗೋಡೆಗೆ ತಾಗಿರಲಿ, ನೋಟ ನೇರ ಮುಂದಕ್ಕಿರಲಿ. ತಲೆಯ ಮೇಲೆ ದಪ್ಪ ಪುಸ್ತಕವನ್ನು ಗೋಡೆಗೆ ಲಂಬವಾಗಿ ಒತ್ತಿ ಗೆರೆ ಹಾಕಿ. ಆರು ತಿಂಗಳ ನಂತರ ಅದೇ ಹೊತ್ತಿನಲ್ಲಿ ಅಳೆಯಿರಿ, ಯಾಕೆಂದರೆ ಬೆಳಿಗ್ಗೆಗಿಂತ ಸಂಜೆಗೆ ಎಲ್ಲರೂ ಒಂದು ಸೆಂ.ಮೀ.ನಷ್ಟು ಕುಗ್ಗಿರುತ್ತೇವೆ. ದಿನವೂ ಗೋಡೆಗೆ ನಿಲ್ಲಿಸಬೇಡಿ. 'ನನ್ನಲ್ಲೇ ಏನೋ ಕೆಟ್ಟಿದೆ' ಎಂಬ ಭಾವನೆ ಮನೆಯಿಂದಲೇ ಹುಟ್ಟುತ್ತದೆ. ಕಂಬಿಗೆ ಜೋತುಬಿದ್ದರೆ ಎತ್ತರವಾಗುವುದಿಲ್ಲ. ಚೆನ್ನಾಗಿ ಉಣ್ಣುವ ಮಗುವನ್ನು ಎತ್ತರದ ಪುಡಿಗಳು ಉದ್ದ ಮಾಡುವುದೂ ಇಲ್ಲ. ಈಗ ತರಗತಿಯ ಹುಡುಗಿಯರೆಲ್ಲ ಅವನಿಗಿಂತ ಎತ್ತರ ಕಾಣುವುದಕ್ಕೆ ಕಾರಣ, ಹುಡುಗಿಯರ ಬೆಳವಣಿಗೆಯ ಜಿಗಿತ ಹುಡುಗರಿಗಿಂತ ಸುಮಾರು ಎರಡು ವರ್ಷ ಮೊದಲೇ ಬರುತ್ತದೆ. ಇದನ್ನು ಅವನಿಗೆ ಹೇಳಿ, ಅವನಿಗೆ ಇಷ್ಟವಾಗುತ್ತದೆ.

ಪತ್ರಕ್ಕೆ ಬರೋಣ. ಟೀಚರ್ ಇದನ್ನು ಬಹುಶಃ ಎರಡು ಪೀರಿಯಡ್‌ಗಳ ನಡುವೆ, ಸ್ಟಾಫ್ ರೂಮಿನಲ್ಲಿ ನಿಂತು ಓದುತ್ತಾರೆ. 'ಇಡೀ ಕ್ಲಾಸೇ ದಿನವೂ ಹಿಂಸೆ ಕೊಡುತ್ತಿದೆ, ನೀವು ಕಂಡೂ ಕಾಣದಂತೆ ಇದ್ದೀರಿ' ಎಂಬ ಸಾಲು ಬಂದರೆ ಅವರು ಮೊದಲು ತಮ್ಮನ್ನು ಕಾಪಾಡಿಕೊಳ್ಳುತ್ತಾರೆ, ಮಗು ಹಿಂದೆ ಸರಿಯುತ್ತದೆ. 'ಇಡೀ ಕ್ಲಾಸು' ಅಂದರೆ ಅವರು ಯಾರನ್ನು ನೋಡಬೇಕು? 'ದಿನವೂ' ಅಂದರೆ ಯಾವಾಗ ಬಂದು ನಿಲ್ಲಬೇಕು? ಅದೇ ಸಾಲನ್ನು 'ಬುಧವಾರ ಊಟದ ಬಿಡುವು ಮುಗಿಯುವ ಹೊತ್ತಿಗೆ, ಕೊನೆಯ ಸಾಲಿನ ಡೆಸ್ಕಿನ ಬಳಿ, ಇಬ್ಬರು' ಎಂದು ಬರೆದರೆ ಅವರಿಗೆ ಹೋಗಿ ನಿಲ್ಲಲು ಒಂದು ಜಾಗ, ಒಂದು ಹೊತ್ತು ಸಿಕ್ಕಿತು. ಇಡೀ ಪತ್ರದ ಬೆಲೆ ಇರುವುದೇ ಇಲ್ಲಿ. ಟೀಚರ್ ಆ ಹೊತ್ತಿಗೆ ಅಲ್ಲಿದ್ದು ತಾವೇ ಕಣ್ಣಾರೆ ಕಂಡು ತಡೆದರೆ, ದೂರು ಮಗನಿಂದ ಬಂತು ಎಂದು ಯಾರಿಗೂ ಗೊತ್ತಾಗಬೇಕಿಲ್ಲ.

ಆ ಹುಡುಗರ ಹೆಸರನ್ನು ಬರೆಯಬೇಕೇ? ನಿಮ್ಮ ಮಗ ಖಚಿತವಾಗಿ ಹೇಳಿದ್ದರೆ ಬರೆಯಿರಿ, ಆದರೆ ಹೆಸರಿನ ಜೊತೆ ವಿಶೇಷಣ ಬೇಡ. 'ಪೋಲಿ', 'ಮನೆಯಲ್ಲಿ ಬುದ್ಧಿ ಕಲಿಸಿಲ್ಲ' ಎಂಬ ಮಾತುಗಳು ಮುಂದೆ ಆ ಹುಡುಗರ ಪೋಷಕರ ಕೈಗೆ ಪತ್ರ ಸಿಕ್ಕರೆ ನಿಮಗೇ ತಿರುಗಿಬೀಳುತ್ತವೆ. ಕೇಳಿಕೆಗಳು ಎರಡು ಮೂರಕ್ಕಿಂತ ಹೆಚ್ಚಿರಬಾರದು, ಒಬ್ಬ ಟೀಚರ್ ನಾಳೆಯಿಂದಲೇ ಮಾಡಬಲ್ಲಂಥವು ಆಗಿರಬೇಕು. 'ದಯವಿಟ್ಟು ಕ್ರಮ ಕೈಗೊಳ್ಳಿ' ಎಂಬುದು ಕೇಳಿಕೆಯೇ ಅಲ್ಲ.

ನೀವು ಹೇಳಿದ ಸಂಗತಿಗಳನ್ನಿಟ್ಟು ಒಂದು ಮಾದರಿ ಬರೆದಿದ್ದೇನೆ. ದಿನ, ಜಾಗಗಳನ್ನು ನಿಮ್ಮ ಟಿಪ್ಪಣಿಯಂತೆ ಬದಲಿಸಿಕೊಳ್ಳಿ.

> ಮಾನ್ಯ ಶಿಕ್ಷಕಿಯವರಿಗೆ ನಮಸ್ಕಾರಗಳು.
>
> ನಾನು ನಿಮ್ಮ ಐದನೇ ತರಗತಿಯ (ಮಗನ ಹೆಸರು) ತಾಯಿ. ಮಗನ ಎತ್ತರದ ಕಾರಣಕ್ಕೆ ಶಾಲೆಯಲ್ಲಿ ನಡೆಯುತ್ತಿರುವ ಒಂದು ವಿಷಯವನ್ನು ನಿಮ್ಮ ಗಮನಕ್ಕೆ ತರಲು ಬರೆಯುತ್ತಿದ್ದೇನೆ. ಇದು ನಡೆಯುವುದು ನೀವು ತರಗತಿಯಲ್ಲಿ ಇಲ್ಲದ ಹೊತ್ತಿನಲ್ಲಿ, ಹಾಗಾಗಿ ನಿಮಗೆ ಕಂಡಿರಲಿಕ್ಕಿಲ್ಲ.
>
> ಅವನು ನನಗೆ ಹೇಳಿದ್ದು ಇಷ್ಟು: 8ನೇ ತಾರೀಖು ಸೋಮವಾರ ಮತ್ತು 10ನೇ ತಾರೀಖು ಬುಧವಾರ, ಊಟದ ಬಿಡುವು ಮುಗಿದು ಗಂಟೆ ಹೊಡೆಯುವ ಮೊದಲು, ಇಬ್ಬರು ಹುಡುಗರು ಅವನನ್ನು ಎತ್ತಿ ಕೊನೆಯ ಸಾಲಿನ ಡೆಸ್ಕ್ ಮೇಲೆ ಕೂರಿಸಿದರು. ಅವನು 'ಬಿಡ್ರೋ' ಎಂದರೂ ಇಳಿಸಲಿಲ್ಲ. ಇದಲ್ಲದೆ ಸಾಲು ನಿಲ್ಲುವಾಗ 'ಚೋಟು', 'ಅರ್ಧ ಟಿಕೆಟ್' ಎಂದು ಕರೆಯುವುದು ಹಲವು ವಾರಗಳಿಂದ ನಡೆದಿದೆ. ಆ ಇಬ್ಬರ ಹೆಸರನ್ನು ನಿಮಗೆ ಖುದ್ದಾಗಿ ತಿಳಿಸುತ್ತೇನೆ. ಕಳೆದ ವಾರ ಎರಡು ದಿನ ಬೆಳಿಗ್ಗೆ ಹೊಟ್ಟೆನೋವು, ಶಾಲೆಗೆ ಬರುವುದಿಲ್ಲ ಎಂದು ಅಳುತ್ತಿದ್ದ.
>
> ನನ್ನ ವಿನಂತಿ ಮೂರು. ಒಂದು, ಊಟದ ಬಿಡುವಿನ ಕೊನೆಯ ಹತ್ತು ನಿಮಿಷ ತರಗತಿಯಲ್ಲಿ ಯಾರಾದರೂ ದೊಡ್ಡವರು ಇರುವಂತೆ ನೋಡಿಕೊಳ್ಳಬಹುದೇ? ಎರಡು, ಎತ್ತರದ ಪ್ರಕಾರ ಸಾಲು ನಿಲ್ಲಿಸುವ ಬದಲು ಹಾಜರಿ ಸಂಖ್ಯೆಯಂತೆ ನಿಲ್ಲಿಸಲು ಸಾಧ್ಯವೇ? ಮೂರು, ಈ ವಿಷಯವನ್ನು ತರಗತಿಯ ಮುಂದೆ ಅವನ ಹೆಸರು ಹಿಡಿದು ಮಾತಾಡದಿರಿ ಮತ್ತು ಅವನನ್ನು ಆ ಹುಡುಗರ ಎದುರು ನಿಲ್ಲಿಸದಿರಿ. ಅವನಿಗೆ ಅದೇ ದೊಡ್ಡ ಭಯ.
>
> ಬಿಡುವಿನಲ್ಲಿ ಅವನು ಯಾರೊಂದಿಗೆ ಇರುತ್ತಾನೆ, ಒಬ್ಬನೇ ಇರುತ್ತಾನೆಯೇ ಎಂಬುದನ್ನು ನೀವು ಒಂದು ವಾರ ಗಮನಿಸಿ ಹೇಳಿದರೆ ನನಗೆ ಬಹಳ ಸಹಾಯವಾಗುತ್ತದೆ. ಮುಂದಿನ ವಾರ ನಿಮಗೆ ಅನುಕೂಲವಾದ ದಿನ ಹದಿನೈದು ನಿಮಿಷ ಭೇಟಿಯಾಗಲು ಬರುತ್ತೇನೆ.
>
> ಈ ಪತ್ರವನ್ನು ಮಗನಿಗೆ ಓದಿ ಹೇಳಿದ್ದೇನೆ.
>
> ವಂದನೆಗಳೊಂದಿಗೆ,
> (ನಿಮ್ಮ ಹೆಸರು, ಫೋನ್ ಸಂಖ್ಯೆ)

ಬಿಡುವಿನ ವಿಷಯ ಯಾಕೆ ಸೇರಿಸಿದೆ ಎಂದರೆ, ಬ್ರಿಟನ್ನಿನಲ್ಲಿ ಕುಳ್ಳಗಿರುವ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ವೆಸೆಕ್ಸ್ ಅಧ್ಯಯನದಿಂದ 2000ರಲ್ಲಿ ಬಂದ ವರದಿಯೊಂದರಲ್ಲಿ, ಈ ಮಕ್ಕಳು ಸರಾಸರಿ ಎತ್ತರದವರಿಗಿಂತ ಹೆಚ್ಚಾಗಿ ಪೀಡನೆ ಅನುಭವಿಸಿದ್ದಾಗಿ ಹೇಳಿದ್ದರು, ಬಿಡುವಿನ ಹೊತ್ತನ್ನು ಹೆಚ್ಚಾಗಿ ಒಂಟಿಯಾಗಿ ಕಳೆಯುತ್ತಿದ್ದರು. ಒಂಟಿಯಾಗಿರುವ ಮಗುವನ್ನು ಎತ್ತುವುದು ಸುಲಭ, ಜೊತೆಗೊಬ್ಬ ಗೆಳೆಯನಿದ್ದರೆ ಕಷ್ಟ. ಟೀಚರ್ ಅವನ ಪಕ್ಕ ಒಬ್ಬ ಸಮಾಧಾನದ ಹುಡುಗನನ್ನು ಕೂರಿಸಿದರೆ, ಇಬ್ಬರಿಗೂ ಬಿಡುವಿನಲ್ಲಿ ಒಂದು ಕೆಲಸ ಕೊಟ್ಟರೆ (ಪುಸ್ತಕ ಹಂಚುವುದೋ, ಗಿಡಕ್ಕೆ ನೀರು ಹಾಕುವುದೋ), ಹತ್ತು ಬುದ್ಧಿಮಾತಿಗಿಂತ ಅದು ಹೆಚ್ಚು ಕೆಲಸ ಮಾಡುತ್ತದೆ. ಭೇಟಿಯಾದಾಗ ಇದನ್ನು ಹೇಳಿ.

'ಮಗನಿಗೆ ಓದಿ ಹೇಳಿದ್ದೇನೆ' ಎಂಬ ಸಾಲು ನಿಜವಾಗಿರಬೇಕು. ಪತ್ರವನ್ನು ಅವನ ಕೈಗೆ ಪೆನ್ಸಿಲ್ ಜೊತೆ ಕೊಟ್ಟು, ಬೇಡವೆನಿಸಿದ ಒಂದು ಸಾಲನ್ನು ಹೊಡೆದುಹಾಕಲು ಬಿಡಿ. ಹೊಟ್ಟೆನೋವಿನ ಸಾಲನ್ನೇ ಹೊಡೆದರೆ ಹೊಡೆಯಲಿ, ಅದನ್ನು ಬಾಯಿಮಾತಿನಲ್ಲಿ ಹೇಳಬಹುದು. ಎತ್ತಿದ ಸಂಗತಿಯನ್ನೇ ಹೊಡೆದರೆ ಮಾತ್ರ ಒಪ್ಪಬೇಡಿ. 'ನಿನ್ನ ಮೈ ಮುಟ್ಟಿ ಎತ್ತಿದ್ದನ್ನು ನಾನು ಹೇಳಲೇಬೇಕು, ಆದರೆ ಹೇಗೆ ಹೇಳಬೇಕು ಅಂತ ಇಬ್ಬರೂ ಸೇರಿ ನೋಡೋಣ' ಎನ್ನಿ.

ಪತ್ರ ಕೊಡುವುದರಲ್ಲೂ ಎಡವುವವರಿದ್ದಾರೆ. ಡೈರಿಯೊಳಗೆ ಇಟ್ಟು ಕಳಿಸಬೇಡಿ. ಡೈರಿಗಳನ್ನು ಒಟ್ಟುಮಾಡಿ ಮೇಜಿನ ಮೇಲೆ ಇಡುವುದು ತರಗತಿಯ ಯಾವುದೋ ಮಗುವೇ, ಮಧ್ಯೆ ಓದುವ ಕಣ್ಣು ಬೇಕಾದಷ್ಟು. ಪೋಷಕರ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದಕ್ಷರವೂ ಬೇಡ. ಆ ಇಬ್ಬರು ಹುಡುಗರ ಮನೆಗೆ ನೀವೇ ಫೋನ್ ಮಾಡುವುದೂ ಬೇಡ. ಅಲ್ಲಿ ಪ್ರತಿ ಮನೆಯವರೂ ತಮ್ಮ ಮಗನ ವಕೀಲರಾಗುತ್ತಾರೆ, ಶಾಲೆಯಲ್ಲಿ ಮುಗಿಯಬಹುದಾದದ್ದು ಎರಡು ಮನೆಗಳ ಜಗಳವಾಗುತ್ತದೆ. ಮುಚ್ಚಿದ ಲಕೋಟೆಯಲ್ಲಿ ನೀವೇ ಕೈಗೆ ಕೊಡಿ, ಮಕ್ಕಳು ಹೋದ ಮೇಲೆ. ಒಂದು ಪ್ರತಿ ನಿಮ್ಮಲ್ಲಿರಲಿ.

ಟೀಚರ್ ತಾವೇ ಅರಿಯದೆ ಇದರಲ್ಲಿ ಸೇರಿಕೊಂಡಿರುವುದೂ ಉಂಟು. 'ಏಯ್ ಪುಟ್ಟ, ನೀನು ಮುಂದೆ ಬಾ', 'ನಿನಗೆ ಬೋರ್ಡು ಎಟಕಲ್ಲ ಬಿಡು' ಎಂಬ ಪ್ರೀತಿಯ ಮಾತು ತರಗತಿಗೆ ಪರವಾನಗಿಯಂತೆ ಕೇಳಿಸುತ್ತದೆ. ಮಗ ಇಂಥದ್ದೇನಾದರೂ ಹೇಳಿದ್ದರೆ ಪತ್ರದಲ್ಲಿ ಬರೆಯಬೇಡಿ. ಎದುರಿಗೆ ಕೂತಾಗ, 'ನೀವು ಅಕ್ಕರೆಯಿಂದಲೇ ಅನ್ನೋದು ನನಗೆ ಗೊತ್ತು ಮೇಡಂ, ಆದರೆ ಅದೇ ಪದ ಹುಡುಗರ ಬಾಯಲ್ಲಿ ಬೇರೆ ಆಗ್ತಿದೆ, ಅವನನ್ನು ಹೆಸರಿಂದಲೇ ಕರೆದರೆ ಒಳ್ಳೆಯದಿತ್ತು' ಎಂದು ಹೇಳಿ. ಬರವಣಿಗೆಯಲ್ಲಿ ಆರೋಪವಾಗುವ ಮಾತು ಎದುರಿಗೆ ಕೂತು ಹೇಳಿದಾಗ ಬರೀ ಮಾತಾಗಿ ಉಳಿಯುತ್ತದೆ.

ಆ ಇಬ್ಬರನ್ನು ಟೀಚರ್ ಮಾತಾಡಿಸುವುದಾದರೆ ಬೇರೆ ಬೇರೆಯಾಗಿ ಕರೆಯಲಿ ಎಂದು ಕೇಳಿಕೊಳ್ಳಿ. ಇಬ್ಬರೂ ಒಟ್ಟಿಗಿದ್ದರೆ ಒಬ್ಬರಿಗೊಬ್ಬರು ಧೈರ್ಯವಾಗುತ್ತಾರೆ. ನಿಮ್ಮ ಮಗನನ್ನೂ ಕರೆದು 'ಸಾರಿ ಹೇಳಿ, ಕೈ ಕುಲುಕಿ' ಎಂದು ಮುಗಿಸುವುದು ಇಬ್ಬರು ಸಮಾನರ ಜಗಳಕ್ಕೆ ಸರಿಹೋಗುವ ಮದ್ದು, ಇದಕ್ಕಲ್ಲ. ಕೈ ಕುಲುಕುವಾಗ ಹಿಂಡುವ ಹಿಡಿತ ಟೀಚರ್‌ಗೆ ಕಾಣುವುದಿಲ್ಲ.

ಮಗನಿಗೂ ಒಂದು ಮಾತು ಕೈಯಲ್ಲಿರಲಿ. 'ನಿರ್ಲಕ್ಷ್ಯ ಮಾಡು' ಎಂಬುದು ಹತ್ತು ವರ್ಷದವನಿಗೆ ಆಗದ ಕೆಲಸ. ಕಣ್ಣು ಕೆಂಪಾಗುವುದು ಎಲ್ಲರಿಗೂ ಕಾಣುತ್ತದೆ. ರೇಗಿಸುವವರಿಗೆ ಬೇಕಾದದ್ದೂ ಅದೇ. 'ಹೌದು, ನಾನು ಕುಳ್ಳ. ಬಾಲ್ ಹಾಕು' ಎಂಬಂಥ ಚಿಕ್ಕ, ಸಪ್ಪೆ ಮಾತನ್ನು ಮನೆಯಲ್ಲಿ ಹತ್ತು ಸಲ ಆಡಿಸಿ ನೋಡಿ: ನೀವು 'ಚೋಟು' ಎನ್ನಿ, ಅವನು ಉತ್ತರಿಸಿ ಅಲ್ಲಿಂದ ಸರಿದು ಹೋಗಲಿ. ತಿರುಗಿ 'ನೀನು ಡುಮ್ಮ' ಎನ್ನುವುದನ್ನು ಕಲಿಸಬೇಡಿ. ಎತ್ತಲು ಬಂದಾಗ ಮಾತ್ರ ಈ ಮಾತಿನಿಂದ ಕೆಲಸವಿಲ್ಲ. ಆಗ 'ಕೆಳಗೆ ಬಿಡು!' ಎಂದು ಕಾರಿಡಾರಿಗೆ ಕೇಳುವಷ್ಟು ಜೋರಾಗಿ ಕೂಗಿ, ಬಿಟ್ಟ ಕೂಡಲೇ ಹತ್ತಿರದ ದೊಡ್ಡವರ ಬಳಿ ಹೋಗಬೇಕು. ಇದು ಚಾಡಿಯಲ್ಲ ಎಂದು ಅವನಿಗೆ ಬಿಡಿಸಿ ಹೇಳಿ: ಯಾರನ್ನಾದರೂ ಸಿಕ್ಕಿಸಲು ಹೇಳುವುದು ಚಾಡಿ, ಪೆಟ್ಟಾಗದಿರಲೆಂದು ಹೇಳುವುದು ಬೇರೆ.

ಒಂದು ವಾರ ಕಳೆದರೂ ಉತ್ತರ ಬರದಿದ್ದರೆ ಎರಡು ಸಾಲಿನ ನೆನಪೋಲೆ ಕಳಿಸಿ. ಅದಕ್ಕೂ ಮೌನವಾದರೆ ಮೊದಲ ಪತ್ರದ ಪ್ರತಿ ಸಹಿತ ಮುಖ್ಯೋಪಾಧ್ಯಾಯರನ್ನು ನೋಡಿ. ಎತ್ತುವಾಗ ಬಿದ್ದು ಪೆಟ್ಟಾದರೆ, ಶೌಚಾಲಯಕ್ಕೆ ಹೋಗಲು ಹೆದರಿ ದಿನವಿಡೀ ತಡೆದುಕೊಳ್ಳುತ್ತಿದ್ದರೆ, 'ನಾನು ಇರಲೇಬಾರದು' ಎಂಬಂಥ ಮಾತು ಅವನ ಬಾಯಲ್ಲಿ ಬಂದರೆ ಈ ಕ್ರಮ ಕಾಯಬೇಡಿ. ಅದೇ ದಿನ ಮುಖ್ಯೋಪಾಧ್ಯಾಯರ ಬಳಿ ಹೋಗಿ, ಕೊನೆಯ ಸಂಗತಿಗೆ ಮಕ್ಕಳ ಮನೋವೈದ್ಯರನ್ನೂ ಕಾಣಿ. ಬೆಳಗಿನ ಹೊಟ್ಟೆನೋವು ರಜೆಯ ದಿನಗಳಲ್ಲೂ ಬಂದರೆ, ಅಥವಾ ಅದರ ಜೊತೆ ಭೇದಿ, ತೂಕ ಇಳಿಕೆ ಇದ್ದರೆ ಅದು ಶಾಲೆಯ ಭಯವೆಂದು ಕೈಬಿಡಬೇಡಿ. ಕರುಳಿನ ಕೆಲವು ಕಾಯಿಲೆಗಳು ಬೆಳವಣಿಗೆಯನ್ನೂ ಕುಂಠಿಸುತ್ತವೆ, ಮಕ್ಕಳ ವೈದ್ಯರು ನೋಡಬೇಕು.

ಮೂರು ವಾರದ ನಂತರ ಆ ನಕ್ಷೆಯನ್ನು ಹೊಸ ಹಾಳೆಯಲ್ಲಿ ಮತ್ತೆ ಬರೆಯಿಸಿ. ಹಳೆಯದನ್ನು ತೋರಿಸಬೇಡಿ. ಕೊನೆಯ ಸಾಲಿನ ಡೆಸ್ಕಿನ ಕೆಂಪು ಚುಕ್ಕೆ ಹೋಗಿ ಮೆಟ್ಟಿಲಿನ ಬಳಿ ಹೊಸದೊಂದು ಬಂದಿದ್ದರೆ ಕಾಟ ನಿಂತಿಲ್ಲ, ಜಾಗ ಬದಲಿಸಿದೆ. ಆ ಜಾಗವನ್ನೂ ಹೊತ್ತನ್ನೂ ಟೀಚರ್‌ಗೆ ತಿಳಿಸಿ. ಕೆಂಪು ಚುಕ್ಕೆಗಳು ಕಡಿಮೆಯಾಗಿದ್ದರೆ ಅದನ್ನೂ ಬರೆದು ತಿಳಿಸಿ: 'ಮೇಡಂ, ಎರಡು ವಾರದಿಂದ ಯಾರೂ ಎತ್ತಿಲ್ಲವಂತೆ. ಬಿಡುವಿನ ಕೊನೆಯಲ್ಲಿ ನೀವು ಬಂದು ನಿಲ್ಲುತ್ತಿರುವುದನ್ನು ಅವನು ಗಮನಿಸಿದ್ದಾನೆ. ಈ ಟರ್ಮ್ ಮುಗಿಯುವವರೆಗೆ ಹಾಗೇ ಮುಂದುವರಿಸಲು ಆಗುತ್ತದೆಯೇ?'